ಮುಖ ಇದೆ, ಮನುಷ್ಯ ಇಲ್ಲ

ಆಲಿವರ್ ಟೇಲರ್ ಎಂಬ ಯುವಕ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಎಂದು ಹೇಳಿಕೊಂಡು ಪತ್ರಿಕೆಗಳಿಗೆ ಲೇಖನ ಕಳಿಸುತ್ತಿದ್ದ. ಕಂದು ಕಣ್ಣು, ಕುರುಚಲು ಗಡ್ಡ, ಸಣ್ಣ ನಗು ಇರುವ ಫೋಟೋವೂ ಜೊತೆಗಿತ್ತು. ಇಸ್ರೇಲಿನ ಹೆಸರಾಂತ ಪತ್ರಿಕೆಗಳಲ್ಲೂ ಅವನ ಬರಹಗಳು ಬಂದವು. ಅವನ ಒಂದು ಬರಹ, ಲಂಡನ್ನಿನ ಒಬ್ಬ ಅಧ್ಯಾಪಕ ಮತ್ತು ಅವರ ಹೆಂಡತಿಯನ್ನು ಭಯೋತ್ಪಾದಕರ ಬೆಂಬಲಿಗರು ಎಂದು ಕರೆಯಿತು. ಆ ದಂಪತಿ ಅದನ್ನು ಅಲ್ಲಗಳೆದರು. ಇವನ್ಯಾರು, ನಮ್ಮ ಮೇಲೆ ಇವನಿಗೇನು ದ್ವೇಷ ಎಂಬುದೇ ಅವರಿಗೆ ತಿಳಿಯಲಿಲ್ಲ.

2020ರಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಅವನನ್ನು ಹುಡುಕಲು ಹೊರಟಿತು. ವಿಶ್ವವಿದ್ಯಾಲಯದ ದಾಖಲೆಯಲ್ಲಿ ಆ ಹೆಸರಿನವನು ಇರಲಿಲ್ಲ. ಅವನು ಕೊಟ್ಟಿದ್ದ ಫೋನ್ ನಂಬರ್ ಕೆಲಸ ಮಾಡುತ್ತಿರಲಿಲ್ಲ. ಫೋಟೋ ನೋಡಿದ ತಜ್ಞರು, ಇದು ಕಂಪ್ಯೂಟರ್ ಹುಟ್ಟಿಸಿದ ಮುಖದಂತಿದೆ ಎಂದರು. ಅಂದರೆ ಆರೋಪ ಹೊರಿಸಿದವನೇ ಇರಲಿಲ್ಲ. ಆರೋಪ ಹೊತ್ತವರು ಮಾತ್ರ ನಿಜವಾಗಿ ಇದ್ದರು.

ಇಂಥ ಮುಖ ಹೇಗೆ ಹುಟ್ಟುತ್ತದೆ? 2014ರಲ್ಲಿ ಇಯಾನ್ ಗುಡ್‌ಫೆಲೋ ಮತ್ತು ಸಂಗಡಿಗರು ಒಂದು ವಿಧಾನ ಕಂಡುಹಿಡಿದರು. ಅದರಲ್ಲಿ ಎರಡು ಪ್ರೋಗ್ರಾಂಗಳನ್ನು ಎದುರುಬದುರು ನಿಲ್ಲಿಸುತ್ತಾರೆ. ಒಂದು ಖೋಟಾ ನೋಟು ಮಾಡುವವನಂತೆ ಮುಖ ತಯಾರಿಸುತ್ತದೆ. ಇನ್ನೊಂದು ಪೊಲೀಸನಂತೆ ಅಸಲಿಯೋ ನಕಲಿಯೋ ಎಂದು ಹೇಳುತ್ತದೆ. ಸಿಕ್ಕಿಬಿದ್ದಾಗಲೆಲ್ಲ ಮೊದಲನೆಯದು ಸ್ವಲ್ಪ ತಿದ್ದಿಕೊಳ್ಳುತ್ತದೆ. ಹೀಗೆ ಲಕ್ಷಾಂತರ ಸುತ್ತು ನಡೆದ ಮೇಲೆ ಪೊಲೀಸನಿಗೇ ವ್ಯತ್ಯಾಸ ಗೊತ್ತಾಗುವುದಿಲ್ಲ. ಎನ್‌ವಿಡಿಯಾ ಕಂಪನಿ ಇದನ್ನು ಬೆಳೆಸಿ, ಫ್ಲಿಕರ್ ಜಾಲತಾಣದಿಂದ ತೆಗೆದ 70,000 ನಿಜವಾದ ಮುಖಗಳ ಫೋಟೋ ತೋರಿಸಿ ಕಲಿಸಿತು. 2019ರಲ್ಲಿ thispersondoesnotexist.com ಎಂಬ ಪುಟ ಬಂತು. ಅದನ್ನು ತೆರೆದಾಗಲೆಲ್ಲ ಒಂದು ಹೊಸ ಮುಖ.

ಒಬ್ಬರ ಕಣ್ಣು, ಇನ್ನೊಬ್ಬರ ಮೂಗು ಕತ್ತರಿಸಿ ಅಂಟಿಸಿದ್ದಲ್ಲ ಇದು. ಸಾವಿರಾರು ಮುಖ ನೋಡಿ, ಮುಖ ಅಂದರೆ ಹೇಗಿರುತ್ತದೆ ಎಂದು ಕಲಿತು ಹೊಸದಾಗಿ ಬರೆದದ್ದು. ಇಲ್ಲೇ ತೊಡಕಿರುವುದು. ಮೊದಲು ಮೋಸಗಾರರು ಬೇರೆಯವರ ಫೋಟೋ ಕದಿಯುತ್ತಿದ್ದರು. ಆ ಫೋಟೋವನ್ನು ಗೂಗಲ್ ಲೆನ್ಸ್‌ಗೆ ಹಾಕಿದರೆ ಅಸಲಿ ಮಾಲೀಕ ಸಿಗುವ ಸಾಧ್ಯತೆ ಇತ್ತು. ‘ಇದು ನನ್ನ ಫೋಟೋ’ ಎಂದು ದೂರು ಕೊಡಲು ಒಬ್ಬ ಮನುಷ್ಯನಿದ್ದ. ಹುಟ್ಟಿಸಿದ ಮುಖವನ್ನು ಹಾಕಿದರೆ ಬೇರೆಲ್ಲೂ ಸಿಗುವುದಿಲ್ಲ. ‘ಎಲ್ಲೂ ಸಿಗಲಿಲ್ಲ, ಹಾಗಾದರೆ ಅಸಲಿಯೇ ಇರಬೇಕು’ ಎಂದು ನಾವು ಸುಮ್ಮನಾಗುತ್ತೇವೆ. ಮೋಸಗಾರನಿಗೆ ಬೇಕಾದದ್ದೂ ಅದೇ.

ಕಣ್ಣಿನಿಂದ ಪತ್ತೆ ಹಚ್ಚಬಹುದೇ? ಈ ವಿಧಾನದ ಫೋಟೋಗಳಲ್ಲಿ ಕೆಲವು ಗುರುತುಗಳಿವೆ. ಎರಡು ಕಿವಿಯ ಓಲೆ ಬೇರೆಬೇರೆ ಇರುತ್ತವೆ, ಕನ್ನಡಕದ ಒಂದು ಬದಿ ಕೆನ್ನೆಯೊಳಗೆ ಕರಗಿರುತ್ತದೆ, ಹಿನ್ನೆಲೆ ಏನೆಂದೇ ತಿಳಿಯದಷ್ಟು ಕಲಸಿಹೋಗಿರುತ್ತದೆ. ಎಲ್ಲಕ್ಕಿಂತ ಒಳ್ಳೆಯ ಗುರುತು ಕಣ್ಣು. ಕಲಿಸಲು ಬಳಸಿದ ಫೋಟೋಗಳನ್ನೆಲ್ಲ ಒಂದೇ ಅಳತೆಗೆ ಹೊಂದಿಸಿದ್ದರಿಂದ, ಹುಟ್ಟಿದ ಮುಖಗಳಲ್ಲೂ ಕಣ್ಣುಗಳು ಚೌಕಟ್ಟಿನ ಒಂದೇ ಜಾಗದಲ್ಲಿ ಬರುತ್ತವೆ. ಅನುಮಾನದ ನಾಲ್ಕಾರು ಪ್ರೊಫೈಲ್ ಫೋಟೋ ಒಂದರ ಮೇಲೊಂದು ಇಟ್ಟರೆ ಮುಖ ಬದಲಾದರೂ ಕಣ್ಣು ಕದಲುವುದಿಲ್ಲ.

ಆದರೆ ಇದನ್ನೇ ನೆಚ್ಚಿಕೊಳ್ಳುವಂತಿಲ್ಲ. ವಾಟ್ಸಾಪ್ ಡಿಪಿಯಷ್ಟು ಚಿಕ್ಕ ಚಿತ್ರದಲ್ಲಿ ಓಲೆ ಕಾಣುವುದಿಲ್ಲ. ಈಚಿನ ಬೇರೆ ವಿಧಾನಗಳಲ್ಲಿ ಕಣ್ಣು ಒಂದೇ ಜಾಗದಲ್ಲಿ ಇರಬೇಕೆಂದೂ ಇಲ್ಲ. 2022ರಲ್ಲಿ ಸೋಫಿ ನೈಟಿಂಗೇಲ್ ಮತ್ತು ಹ್ಯಾನಿ ಫರೀದ್ ಎಂಬ ಸಂಶೋಧಕರು ಜನರಿಗೆ ಎರಡೂ ಬಗೆಯ ಮುಖ ತೋರಿಸಿ ಪರೀಕ್ಷಿಸಿದರು. ಸರಿಯುತ್ತರ ಸುಮಾರು 48 ಪ್ರತಿಶತ. ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟೇ ಬರುತ್ತಿತ್ತು. ಸಾಲದ್ದಕ್ಕೆ, ಹುಟ್ಟಿಸಿದ ಮುಖಗಳೇ ಹೆಚ್ಚು ನಂಬಿಕಸ್ಥವಾಗಿ ಕಂಡವು.

ಹಾಗಾಗಿ ನನ್ನ ವಾದ ಇಷ್ಟೇ: ಫೋಟೋವನ್ನು ಗುರುತಿನ ಸಾಕ್ಷಿ ಎಂದು ಒಪ್ಪುವುದನ್ನೇ ನಿಲ್ಲಿಸಬೇಕು. ಟೇಲರ್ ಸಿಕ್ಕಿಬಿದ್ದದ್ದು ಬರೀ ಓಲೆ, ಕನ್ನಡಕ ನೋಡಿ ಅಲ್ಲ. ಕಾಲೇಜನ್ನು ಕೇಳಿದ್ದರಿಂದ, ಫೋನ್ ಮಾಡಿದ್ದರಿಂದ. ಲೇಖನ ಹಾಕುವ ಮೊದಲೇ ಸಂಪಾದಕರು ಆ ಎರಡು ಕೆಲಸ ಮಾಡಬಹುದಿತ್ತು. ಅವನು ಸಂಭಾವನೆ ಕೇಳಲಿಲ್ಲ, ಅವರೂ ಹೆಚ್ಚು ವಿಚಾರಿಸಲಿಲ್ಲ.

ಸಂಬಂಧ ನೋಡುವಾಗ ನಮ್ಮ ಹಿರಿಯರು ಫೋಟೋ ನೋಡಿ ಒಪ್ಪಿಬಿಡುವುದಿಲ್ಲ. ಯಾವ ಊರು, ಯಾರ ಮಗ, ಅಲ್ಲಿ ನಮ್ಮವರು ಯಾರಿದ್ದಾರೆ ಎಂದು ವಿಚಾರಿಸುತ್ತಾರೆ. ಫೇಸ್‌ಬುಕ್ಕಿನಲ್ಲಿ ಸಾಲ ಕೊಡಿಸುತ್ತೇನೆ, ಕೆಲಸ ಕೊಡಿಸುತ್ತೇನೆ ಎನ್ನುವವರಿಗೂ ಅದೇ ಪ್ರಶ್ನೆ ಹಾಕಿ. ಅವನು ಹೇಳಿದ ಆಫೀಸಿನ ನಂಬರನ್ನು ಅವನಿಂದ ಪಡೆಯಬೇಡಿ, ನೀವೇ ಬೇರೆ ಕಡೆಯಿಂದ ಹುಡುಕಿ ಫೋನ್ ಮಾಡಿ. ಯಂತ್ರ ಮುಖ ಹುಟ್ಟಿಸಬಲ್ಲದು. ಆ ಮುಖವನ್ನು ಹತ್ತು ವರ್ಷದಿಂದ ಬಲ್ಲ ನೆರೆಯವರನ್ನು ಹುಟ್ಟಿಸಲಾರದು.