‘ನೋಡೋಣ’ ಎನ್ನುವ ಬದಲು

ಪುಣೆಯ ಒಂದು ಕಚೇರಿ. ಆ್ಯಪ್‌ಗೆ ಬೇಕಾದ 12 ಕನ್ನಡ ಪದಗಳನ್ನು ಗೊತ್ತುಮಾಡಲು ಗುರುವಾರ ಒಂದು ಗಂಟೆಯ ಮೀಟಿಂಗ್, 6 ಜನಕ್ಕೆ ಆಹ್ವಾನ. ಬರಲಾಗದ ಅನುವಾದಕಿ ‘ನೋಡೋಣ ಸರ್’ ಎಂದರೆ ಅದು ವಿನಯವಲ್ಲ. ಆ ಮಾತು ಹೂಂ ಆಗಬಹುದು, ಉಹೂಂ ಕೂಡ ಆಗಬಹುದು, ಕರೆದವರು ಕಾಯುತ್ತಾರೆ. ಬರಿದೇ Decline ಒತ್ತಿದರೆ ಕೆಲಸವೇ ಬೇಡವೆಂದಂತೆ.

ಆಕೆ ಹೀಗೆ ಬರೆಯಬಹುದು:

“ಸರ್, ಗುರುವಾರ ಬರಲಾಗುತ್ತಿಲ್ಲ, ಕ್ಷಮಿಸಿ. 12 ಪದಗಳಿಗೂ ನನ್ನ ಆಯ್ಕೆ ಮತ್ತು ಕಾರಣವನ್ನು ಮಂಗಳವಾರವೇ ಶೀಟಿನಲ್ಲಿ ಹಾಕುತ್ತೇನೆ. ಬುಧವಾರ ಸಂಜೆ 5ರೊಳಗೆ ಎಲ್ಲರೂ ಅಲ್ಲೇ ಅಭಿಪ್ರಾಯ ಬರೆಯಲಿ. ಬರೆಯದಿದ್ದರೆ ಒಪ್ಪಿಗೆ ಎಂದುಕೊಳ್ಳೋಣ. ಒಮ್ಮತವಾಗದ ಪದಗಳಿಗಷ್ಟೇ ಶುಕ್ರವಾರ 15 ನಿಮಿಷ ಮಾತಾಡೋಣ. ಆಗಬಹುದೇ?”

ಇಲ್ಲಿ ನಿರಾಕರಣೆ ಒಂದೇ ವಾಕ್ಯ, ಉಳಿದದ್ದು ಹೊಣೆ. ಮೊದಲ ಕೆಲಸವನ್ನು ಒಲ್ಲೆ ಎಂದವರೇ ಹೊತ್ತಿದ್ದಾರೆ. ಸೌಜನ್ಯ ಇರುವುದು ಅಲ್ಲಿ. ಗಡುವು ಮತ್ತು ಮೌನದ ಅರ್ಥ, ಇವೆರಡನ್ನೂ ಹೇಳದೆ ಬಿಟ್ಟರೆ ಶೀಟು ಖಾಲಿಯೇ ಉಳಿದು ಮೀಟಿಂಗ್ ಮತ್ತೆ ಕ್ಯಾಲೆಂಡರಿಗೆ ಬರುತ್ತದೆ.

ಆದರೆ ಜಗಳ ಪದದ್ದಲ್ಲ, ಇಬ್ಬರು ಸಹೋದ್ಯೋಗಿಗಳದ್ದು ಎಂದಾದರೆ ಶೀಟು ಸಾಲದು. ಬರಹದಲ್ಲಿ ದನಿ ಕೇಳಿಸುವುದಿಲ್ಲ. ಅಂಥ ಮೀಟಿಂಗಿಗೆ ಹೋಗಿ ಕೂರುವುದೇ ಸರಿ.