ಮೊದಲು ಒಪ್ಪಿದವರಿಗೆ ಮೊದಲ ಸ್ಲಾಟ್ ಯಾಕೆ?

ಕಾಲೇಜಿನ ಕಾನ್ಫರೆನ್ಸ್‌ಗಳಲ್ಲಿ ಟೈಮ್‌ಟೇಬಲ್ ತಯಾರಾಗೋ ರೀತಿ ಬಹುಪಾಲು ಒಂದೇ. ಭಾಷಣಕಾರರು ಒಬ್ಬೊಬ್ಬರಾಗಿ "ಆಯ್ತು, ಬರ್ತೀನಿ" ಅಂತಾರೆ. ಒಪ್ಪಿದ ಕ್ರಮದಲ್ಲೇ ಎಕ್ಸೆಲ್ ಶೀಟಿನ ಮೊದಲ ಖಾಲಿ ಜಾಗಕ್ಕೆ ಹೆಸರು ಬೀಳುತ್ತೆ, ಸಂಜೆ ವಾಟ್ಸಾಪ್‌ನಲ್ಲಿ ಪೋಸ್ಟರ್ ಓಡಾಡುತ್ತೆ. ನೋಡೋಕೆ ಇದು ನ್ಯಾಯವಾಗೇ ಕಾಣುತ್ತೆ. ಆದರೆ ನಮ್ಮ ಪ್ರಕಾರ ಕ್ಲ್ಯಾಶ್ ಹುಟ್ಟೋದೇ ಇಲ್ಲಿಂದ.

ಒಂದು ಚಿಕ್ಕ ಲೆಕ್ಕ ನೋಡೋಣ. ಒಂದು ದಿನದ ಕಾರ್ಯಕ್ರಮ, ಎರಡು ರೂಮು, ಮೂರು ಸ್ಲಾಟು: 10 ಗಂಟೆ, 11:30, ಮಧ್ಯಾಹ್ನ 2. ಒಟ್ಟು ಆರು ಜಾಗ, ಆರು ಜನ ಭಾಷಣಕಾರರು. ಒಪ್ಪಿದ ಕ್ರಮದಲ್ಲಿ ಅವರನ್ನ ಕ, ಖ, ಗ, ಘ, ಚ, ಜ ಅಂತ ಕರೆಯೋಣ. ಕ, ಖ, ಚ ಇದೇ ಊರಿನವರು, ಯಾವಾಗಲಾದರೂ ಸರಿ. ಗ ಮತ್ತು ಘ ಊಟಕ್ಕೆ ಮುಂಚೆ ಮಾತ್ರ. ಜ ದೂರದ ಊರಿನವರು, ವಾಪಸ್ ಬಸ್ ಹಿಡಿಯಬೇಕು, 10 ಗಂಟೆ ಬಿಟ್ಟರೆ ಆಗೋದಿಲ್ಲ.

ಒಪ್ಪಿದ ಕ್ರಮದಲ್ಲಿ ತುಂಬಿದರೆ ಕ, ಖ 10 ಗಂಟೆಗೆ, ಗ, ಘ 11:30ಕ್ಕೆ, ಚ 2 ಗಂಟೆಗೆ ಕೂರ್ತಾರೆ. ಜ ಅವರ ಸರದಿ ಬರುವಾಗ ಉಳಿದಿರೋದು 2 ಗಂಟೆಯ ಒಂದೇ ಜಾಗ, ಅದು ಅವರಿಗೆ ಆಗೋದಿಲ್ಲ. ಕೊನೆಗೆ ಕೈಬಿಡೋದು ಯಾರನ್ನ? ಅಷ್ಟು ದೂರದಿಂದ ಬರೋಕೆ ಒಪ್ಪಿದವರನ್ನೇ!

ಈಗ ಕ್ರಮ ತಿರುಗಿಸೋಣ. ಯಾರಿಗೆ ಆಯ್ಕೆ ಕಡಿಮೆಯೋ ಅವರಿಗೆ ಮೊದಲು ಜಾಗ. ಜ 10 ಗಂಟೆಗೆ. ಆಮೇಲೆ ಗ 10ಕ್ಕೆ, ಘ 11:30ಕ್ಕೆ. ಉಳಿದ ಮೂರು ಜಾಗಕ್ಕೆ ಕ, ಖ, ಚ ಹೇಗೆ ಕೂತರೂ ಸರಿಹೋಗುತ್ತೆ. ಅದೇ ಆರು ಜನ, ಅದೇ ಎರಡು ರೂಮು, ಕ್ಲ್ಯಾಶ್ ಮಾತ್ರ ಇಲ್ಲ.

ಇದರಿಂದಲೇ ಯಾವಾಗಲೂ ಗೆಲ್ತೀವಿ ಅಂತಲ್ಲ. ಸಿಕ್ಕಿಹಾಕಿಕೊಂಡರೆ ಮೊದಲೇ ಕೂತವರನ್ನ ಜರುಗಿಸಬೇಕು, ಅವರು ಇನ್ನೊಬ್ಬರನ್ನ, ಕೊನೆಯವರು ಖಾಲಿ ಜಾಗಕ್ಕೆ. ಬಸ್ಸಿನಲ್ಲಿ "ಸ್ವಲ್ಪ ಆಚೆ ಸರೀರಿ" ಅನ್ನೋ ಹಾಗೆ. ಮೊದಲ ಪಟ್ಟಿಯಲ್ಲೂ ಕ ಅವರನ್ನ 2 ಗಂಟೆಗೆ ಸರಿಸಿದ್ದರೆ ಜ ಉಳೀತಿದ್ದರು. ಆದರೆ ಪೋಸ್ಟರ್ ಆಗಲೇ ಹೋಗಿದ್ದರೆ ಯಾರನ್ನ ಸರಿಸೋದು? ಅದಕ್ಕೇ ನಾವು ಹೇಳೋದು, ಎಲ್ಲರ ಸಮಯ ಕೈಗೆ ಬರೋವರೆಗೂ ಯಾರಿಗೂ ಸ್ಲಾಟ್ ಹೇಳಬಾರದು.

ಕೇಳೋ ಪ್ರಶ್ನೆಯೂ ಬದಲಾಗಬೇಕು. "ನಿಮಗೆ ಯಾವ ಸಮಯ ಅನುಕೂಲ, ಸಾರ್?" ಅಂದರೆ ಎಲ್ಲರೂ ಒಂದೊಂದು ಇಷ್ಟದ ಸಮಯ ಹೇಳ್ತಾರೆ, ಎಲ್ಲರ ಆಯ್ಕೆಯೂ ಕಿರಿದಾಗಿ ಕಾಣುತ್ತೆ. ಸ್ಲಾಟುಗಳ ಪಟ್ಟಿ ಕೊಟ್ಟು "ಯಾವುದರಲ್ಲಿ ಆಗೋದೇ ಇಲ್ಲ?" ಅಂತ ಕೇಳಿದರೆ ನಿಜವಾದ ಅಡಚಣೆ ಮಾತ್ರ ಹೊರಬರುತ್ತೆ.

ಕೆಲವು ಸಲ ಎಷ್ಟು ಸರಿಸಿದರೂ ಆಗೋದಿಲ್ಲ. ಮೇಲಿನ ಉದಾಹರಣೆಯಲ್ಲಿ ಕ ಮತ್ತು ಖ ಕೂಡ ಊಟಕ್ಕೆ ಮುಂಚೆ ಮಾತ್ರ ಅಂದರು ಅಂದುಕೊಳ್ಳಿ. ಬೆಳಿಗ್ಗೆಗೆ ಐದು ಜನ, ಜಾಗ ನಾಲ್ಕೇ. ಇಲ್ಲಿ ರಾತ್ರಿಯಿಡೀ ಶೀಟ್ ತಿದ್ದಿದರೂ ಉಪಯೋಗವಿಲ್ಲ. ಫಿಲಿಪ್ ಹಾಲ್ ಎಂಬ ಗಣಿತಜ್ಞ 1935ರಲ್ಲಿ ತೋರಿಸಿದ್ದು ಇದನ್ನೇ: ಯಾವ ಗುಂಪನ್ನ ತಗೊಂಡರೂ, ಆ ಗುಂಪಿಗೆ ಒಟ್ಟಾಗಿ ಸಲ್ಲುವ ಜಾಗಗಳು ಅದರ ಜನರ ಸಂಖ್ಯೆಗಿಂತ ಕಡಿಮೆ ಇರಬಾರದು. ಎಲ್ಲ ಗುಂಪಿಗೂ ಇದು ಸರಿಯಿದ್ದರೆ ಹೊಂದಾಣಿಕೆ ಇದ್ದೇ ಇರುತ್ತೆ. ಸೆಮಿನಾರ್ ಹಾಲ್ ಬುಕ್ ಮಾಡೋ ಮುಂಚೆ ಈ ಹಾಲ್ ಅವರನ್ನ ನೆನೆಸಿಕೊಂಡರೆ ಬೆಳಿಗ್ಗೆಗೆ ಇನ್ನೊಂದು ರೂಮು ಬೇಕು ಅನ್ನೋದು ವಾರದ ಮುಂಚೆಯೇ ಗೊತ್ತಾಗುತ್ತೆ.

ಪಟ್ಟಿ ಮುಗಿದ ಮೇಲೆ ಕಣ್ಣಲ್ಲೇ ನೋಡಿ ಸಾಕು ಅನ್ನಬಾರದು. A ಕಾಲಮ್ಮಿನಲ್ಲಿ ಹೆಸರು, B ಯಲ್ಲಿ ಸ್ಲಾಟು, C ಯಲ್ಲಿ ರೂಮು ಇದ್ದರೆ, ಪಕ್ಕದಲ್ಲಿ ಈ ಎರಡು ಫಾರ್ಮುಲಾ ಸಾಕು:

```
=COUNTIFS(B:B,B2,C:C,C2)>1
=COUNTIFS(A:A,A2,B:B,B2)>1
```

ಮೊದಲನೆಯದು TRUE ಅಂದರೆ ಒಂದೇ ರೂಮಿಗೆ ಒಂದೇ ಹೊತ್ತಲ್ಲಿ ಇಬ್ಬರು. ಎರಡನೆಯದು TRUE ಅಂದರೆ ಒಬ್ಬರೇ ಎರಡು ಕಡೆ. ಹೆಸರನ್ನ ಎಲ್ಲ ಕಡೆ ಒಂದೇ ಥರ ಬರೆದಿರಬೇಕು ಅಷ್ಟೇ. ಒಂದು ಕಡೆ "ಡಾ." ಸೇರಿಸಿ ಇನ್ನೊಂದು ಕಡೆ ಬಿಟ್ಟರೆ ಎಕ್ಸೆಲ್‌ಗೆ ಅವರು ಬೇರೆ ಬೇರೆ ಜನ.

ಇದೆಲ್ಲ ಒಬ್ಬರಿಗೆ ಒಂದೇ ಭಾಷಣ ಇರುವಾಗಿನ ಮಾತು. ಒಬ್ಬರಿಗೇ ಒಂದು ಭಾಷಣ, ಒಂದು ವರ್ಕ್‌ಶಾಪ್, ಜೊತೆಗೆ ಎರಡನ್ನೂ ಕೇಳಬೇಕು ಅನ್ನೋ ವಿದ್ಯಾರ್ಥಿಗಳು ಅಂತಾದರೆ ಲೆಕ್ಕ ತುಂಬಾ ಕಷ್ಟದ ಜಾತಿಗೆ ಸೇರುತ್ತೆ. ಆದರೆ ನಮ್ಮ ಕಾಲೇಜು ಕಾನ್ಫರೆನ್ಸ್‌ಗಳು ಸಾಮಾನ್ಯವಾಗಿ ಅಷ್ಟು ದೊಡ್ಡವಲ್ಲ. ಇಲ್ಲಿ ಕ್ಲ್ಯಾಶ್ ಆದರೆ ರೂಮು ಸಾಲದು ಅಂತ ದೂರೋ ಮುಂಚೆ, ಹೆಸರು ತುಂಬಿದ ಕ್ರಮ ಯಾವುದು ಅಂತ ಒಮ್ಮೆ ಕೇಳೋಣ.