ಲಗ್ನಪತ್ರಿಕೆಯ ರಿಯಾಯಿತಿ ಯಾರಿಗೆ ಲಾಭ?

ಹೈದರಾಬಾದಿನ ಛತ್ತಾ ಬಜಾರಿನಲ್ಲಿ ಲಗ್ನಪತ್ರಿಕೆ ಮುದ್ರಿಸಲು ಹೋಗುವ ನಾವು ಬಿಡಿ ದರವನ್ನು ಚೌಕಾಸಿ ಮಾಡುತ್ತೇವೆ, ಒಟ್ಟು ಮೊತ್ತವನ್ನು ಮರೆಯುತ್ತೇವೆ. ಒಂದು ಮಾದರಿ ಲೆಕ್ಕವನ್ನು ನೋಡೋಣ. ವಿನ್ಯಾಸ ಶುಲ್ಕ 2,000 ರೂಪಾಯಿ, ಪತ್ರಿಕೆಯೊಂದಕ್ಕೆ 40, ಲಕೋಟೆಗೆ 6 ಎಂದಾದರೆ 300 ಪತ್ರಿಕೆಗಳಿಗೆ ತಗಲುವುದು 15,800 ರೂಪಾಯಿ. 500 ಮುದ್ರಿಸಿದರೆ ಪತ್ರಿಕೆಯ ದರ 34ಕ್ಕೆ ಇಳಿಯುತ್ತದೆ, ಒಟ್ಟು ಮೊತ್ತ ಮಾತ್ರ 22,000ಕ್ಕೆ ಏರುತ್ತದೆ.

ಕರೆಯಬೇಕಾದ ಮನೆಗಳು 300 ಇದ್ದರೆ ಈ ರಿಯಾಯಿತಿಗೆ ತೆತ್ತದ್ದು 6,200 ರೂಪಾಯಿ. ಹೆಸರು, ಮುಹೂರ್ತ ಅಚ್ಚಾದ ಉಳಿಕೆ ಪತ್ರಿಕೆ ಮತ್ತಾವ ಮದುವೆಗೂ ಸಲ್ಲದು. ಈ ದರಗಳಲ್ಲಿ 434 ಪತ್ರಿಕೆಗಳವರೆಗೆ ಬೇಕಾದಷ್ಟನ್ನೇ ಮುದ್ರಿಸುವುದು ಅಗ್ಗ. 435ರಿಂದ ಮಾತ್ರ 500ರ ರಿಯಾಯಿತಿ ಲಾಭಕರ. ಆದುದರಿಂದ ಮೊದಲು ಅತಿಥಿಗಳನ್ನಲ್ಲ, ಮನೆಗಳನ್ನು ಎಣಿಸೋಣ. ದರದ ಮಾತು ಆಮೇಲೆ.